ಪಟ್ಟಿ ಕೀಳದೆ ತಾರೀಕು ಬದಲಿಸಿದ್ದು

ಊರಿನ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ದರು. "ಬ್ಯಾನರ್‌ನಲ್ಲಿ 23 ಅಂತ ಇದೆಯಲ್ಲ, ಅದನ್ನ 30 ಮಾಡಿಕೊಡಿ ಸರ್. ಕಾರ್ಯಕ್ರಮ ಒಂದು ವಾರ ಮುಂದೆ ಹೋಗಿದೆ." ಮೂಲ ಫೈಲ್ ಕಳಿಸಿ ಅಂದೆ. ಮಾಡಿದ ಹುಡುಗ ಊರು ಬಿಟ್ಟಿದ್ದಾನಂತೆ. ಅವರ ಹತ್ತಿರ ಇದ್ದದ್ದು ಮೊಬೈಲಿಗೆ ಬಂದ ಒಂದು ಜೆಪೆಗ್ ಅಷ್ಟೇ, 1280 ಪಿಕ್ಸೆಲ್ ಅಗಲದ್ದು.

ಬ್ಯಾನರ್ ತೆರೆದು ನೋಡಿದೆ. ಹಿಂದೆ ಕೆರೆ, ಗುಡ್ಡ, ಮರಗಳ ಫೋಟೊ. ಕೆಳಗಡೆ ಅಡ್ಡಕ್ಕೆ ಒಂದು ಕೆಂಪು ಪಟ್ಟಿ. ಪಟ್ಟಿಯ ಮೂಲಕ ಕೆರೆಯ ಅಲೆ ಮಸುಕಾಗಿ ಕಾಣುತ್ತದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ತಾರೀಕು, ಜಾಗ. ಮೂಲ ಫೈಲ್ ಇದ್ದಿದ್ದರೆ ಅರ್ಧ ನಿಮಿಷದ ಕೆಲಸ. ಜೆಪೆಗ್‌ನಲ್ಲಿ ಫೋಟೊ, ಪಟ್ಟಿ, ಅಕ್ಷರ ಮೂರೂ ಬೆರೆತು ಒಂದೇ ಪದರ ಆಗಿಬಿಟ್ಟಿರುತ್ತವೆ.

ಇಂಥ ಕಡೆ ಎಲ್ಲರೂ ಮೊದಲು ಮಾಡುವುದು ಒಂದೇ. ಪಟ್ಟಿಯ ಮೇಲೆ ಕಲರ್ ಪಿಕರ್ ಇಟ್ಟು ಬಣ್ಣ ಎತ್ತಿಕೊಂಡು, ಹಳೆ ಅಕ್ಷರದ ಮೇಲೆ ಒಂದು ಚೌಕ ಬಳಿಯುವುದು. ಅಂಗಿಗೆ ಬೇರೆ ಬಟ್ಟೆಯ ತೇಪೆ ಹಾಕಿದ ಹಾಗೆ ಅದು ಎದ್ದು ಕಾಣುತ್ತದೆ. ಪಟ್ಟಿಗೆ ಒಂದೇ ಬಣ್ಣ ಅನ್ನೋದು ನಮ್ಮ ಕಣ್ಣಿನ ಭ್ರಮೆ. ಪಿಕರ್ ಹಿಡಿದದ್ದು ಆ ಒಂದು ಪಿಕ್ಸೆಲ್‌ನ ಬೆರಕೆ ಬಣ್ಣ ಮಾತ್ರ. ಪಕ್ಕದ ಪಿಕ್ಸೆಲ್ ಕೆಳಗೆ ಬೇರೆ ಅಲೆ, ಬೇರೆ ಬೆರಕೆ.

ಈ ಪಟ್ಟಿ ಅಡಿಯ ಫೋಟೊವನ್ನು 70 ಪರ್ಸೆಂಟ್ ಮುಚ್ಚುವಂಥದ್ದು. ಇನ್ನು ಕೆಲವರು ಅದೇ ಕೆಂಪಿನ, ಅದೇ 70 ಪರ್ಸೆಂಟ್‌ನ ಇನ್ನೊಂದು ಚೌಕ ಮೇಲೆ ಹೊದಿಸುತ್ತಾರೆ. ಅದೂ ಆಗದು. ಮೊದಲ ಪಟ್ಟಿ ಫೋಟೊದ 30 ಪರ್ಸೆಂಟ್ ಬಿಟ್ಟುಕೊಟ್ಟಿತ್ತು. ಎರಡನೆಯದು ಆ 30ರಲ್ಲಿ ಮತ್ತೆ 30 ಪರ್ಸೆಂಟ್ ಮಾತ್ರ ಬಿಡುತ್ತದೆ, ಅಂದರೆ ಬರೀ 9. ಚೌಕದೊಳಗೆ ಕೆರೆ ಮಾಯ. ಬಿಳಿ ಅಕ್ಷರ ಮಾತ್ರ ಗುಲಾಬಿ ದೆವ್ವದ ಹಾಗೆ ಇಣುಕುತ್ತಲೇ ಇರುತ್ತದೆ!

ಈ ಬೆರಕೆಯ ಲೆಕ್ಕ ಬಹಳ ಸರಳ. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ನಿಯಮಗಳನ್ನು ಬರೆದಿಟ್ಟರು. ಅದರಲ್ಲಿ ನಮಗೆ ಬೇಕಾದ್ದು ಇಷ್ಟು:

```
ಕಾಣುವುದು = 0.7 × ಪಟ್ಟಿ + 0.3 × ಫೋಟೊ
```

ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆಬೇರೆಯಾಗಿ ಇದೇ ಲೆಕ್ಕ. 0.7 ಅಂತ ನನಗೆ ಯಾರೂ ಹೇಳಲಿಲ್ಲ, ಪಟ್ಟಿಯ ಮೇಲಂಚಿನಲ್ಲಿ ಅಳೆದೆ. ಬಿಳಿ ಅಲೆಯೊಂದು ಅಂಚು ದಾಟಿ ಪಟ್ಟಿಯೊಳಗೆ ಹೋಗಿತ್ತು. ಅದರ ಕೆಂಪಿನ ಅಂಕಿ ಹೊರಗೆ 220, ಒಳಗೆ 178. ಪಕ್ಕದ ಕಪ್ಪು ನೆರಳು ಹೊರಗೆ 40, ಒಳಗೆ 124. ಹೊರಗೆ ಎರಡರ ನಡುವೆ 180ರ ಅಂತರ, ಒಳಗೆ 54. 54ನ್ನು 180ರಿಂದ ಭಾಗಿಸಿದರೆ 0.3. ಪಟ್ಟಿಯ ಸ್ವಂತ ಕೆಂಪು 160 ಅಂತಲೂ ಇದರಿಂದಲೇ ಸಿಕ್ಕಿತು.

ಅಂಕಿ ಸಿಕ್ಕ ಮೇಲೆ ಲೆಕ್ಕವನ್ನು ತಿರುವಿ ಹಾಕಿ, ಪಟ್ಟಿಯನ್ನು ಕಳೆದು, ಅಡಿಯ ಫೋಟೊ ಹೊರತೆಗೆಯೋಣ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು, ಒಂದು ಮಧ್ಯಾಹ್ನ ಹಾಳೂ ಮಾಡಿಕೊಂಡಿದ್ದೆ. ತೊಂದರೆ ಇರೋದು 0.3ರಿಂದ ಭಾಗಿಸುವಲ್ಲಿ. ಜೆಪೆಗ್ ಒಂದು ಪಿಕ್ಸೆಲ್‌ನಲ್ಲಿ 6 ಅಂಕಿ ತಪ್ಪಿದ್ದರೆ, ಹೊರತೆಗೆದ ಫೋಟೊದಲ್ಲಿ ಅದು 20 ಆಗುತ್ತದೆ. ಕೆರೆಯ ಮೇಲೆಲ್ಲ ಕಜ್ಜಿ ಎದ್ದ ಹಾಗೆ ಕಾಣುತ್ತದೆ. ಅಷ್ಟಾದರೂ ಅಕ್ಷರದ ಅಡಿಯ ಫೋಟೊ ಸಿಗುವುದಿಲ್ಲ, ಯಾಕೆಂದರೆ ಬಿಳಿ ಅಕ್ಷರ ಪೂರ್ತಿ ಮುಚ್ಚಿತ್ತು. ಅಲ್ಲಿ ಹೇಗೂ ಊಹೆಯೇ ಗತಿ.

ಊಹೆಯೇ ಮಾಡಬೇಕಾದರೆ ಪಟ್ಟಿಯ ಮೇಲೆಯೇ ಮಾಡಬಹುದಲ್ಲ? ನೋಡಿ, ಅಕ್ಷರದ ಎಡಕ್ಕೆ ಫೋಟೊದ ಕೆಂಪು 200, ಬಲಕ್ಕೆ 100 ಇದೆ ಅಂತಿಟ್ಟುಕೊಳ್ಳಿ. ನಡುವಿನದು 150 ಅಂತ ಊಹಿಸಿ ಮೇಲೆ ಪಟ್ಟಿ ಹೊದಿಸಿದರೆ ಪಟ್ಟಿಯ ಪಾಲು 112 ಪ್ಲಸ್ ಫೋಟೊದ ಪಾಲು 45, ಒಟ್ಟು 157. ಈಗ ಫೋಟೊದ ಗೊಡವೆಗೇ ಹೋಗಬೇಡಿ. ಪಟ್ಟಿಯ ಮೇಲೆ ಕಾಣುವ ಅಂಕಿಗಳು ಎಡಕ್ಕೆ 172, ಬಲಕ್ಕೆ 142. ಇವುಗಳ ಸರಾಸರಿಯೂ 157! ಬೆರೆಸಿ ಸರಾಸರಿ ಮಾಡಿದರೂ, ಸರಾಸರಿ ಮಾಡಿ ಬೆರೆಸಿದರೂ ಉತ್ತರ ಒಂದೇ. ಪಟ್ಟಿ ಎಲ್ಲ ಕಡೆ ಒಂದೇ ದಪ್ಪ ಇದ್ದರೆ, ಅಂದರೆ ಫೋಟೊವನ್ನು ಅಷ್ಟೇ ಪರ್ಸೆಂಟ್ ಮುಚ್ಚಿದ್ದರೆ ಸಾಕು. ಹಾಗಾಗಿ ಪಟ್ಟಿ ಕೀಳುವುದು, ಫೋಟೊ ತಿದ್ದುವುದು, ಮತ್ತೆ ಪಟ್ಟಿ ಹಾಕುವುದು ಎಲ್ಲವೂ ಸುಮ್ನೆ ಸುತ್ತು ದಾರಿ.

ಇನ್ನೊಂದು ಲಾಭವೂ ಇದೆ. ಅಲೆಯನ್ನು ಊಹಿಸುವಾಗ 30 ಅಂಕಿ ತಪ್ಪಿದರೂ ಪಟ್ಟಿಯ ಮೇಲೆ ಕಾಣುವ ತಪ್ಪು ಬರೀ 9. ಆ 9ರ ಮೇಲೂ ಹೊಸ ಅಕ್ಷರ ಬಂದು ಕೂರುತ್ತದೆ. ಪಟ್ಟಿ 30 ಪರ್ಸೆಂಟ್‌ನಷ್ಟು ತೆಳು ಇದ್ದಿದ್ದರೆ ಈ ಮಾಫಿ ಸಿಗುತ್ತಿರಲಿಲ್ಲ.

ಕೆಲಸಕ್ಕೆ ಕೂತೆ. ಹೊಸ ಖಾಲಿ ಲೇಯರ್ ಮಾಡಿ, 23ರ ಸುತ್ತ ಆಯ್ಕೆ ಹಾಕಿದೆ. ಅಕ್ಷರಕ್ಕಿಂತ ಮೂರ್ನಾಲ್ಕು ಪಿಕ್ಸೆಲ್ ಜಾಸ್ತಿಯೇ ಹಿಗ್ಗಿಸಿದೆ. ಇಲ್ಲಿ ಜಿಪುಣತನ ಮಾಡಿದವರೇ ಸಿಕ್ಕಿಬೀಳೋದು. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸಿ ಹಿಂಡುತ್ತದೆ. ಬಿಳಿಯ ಚೂಪು ಅಂಚು ಇದ್ದ ಚೌಕದಲ್ಲಿ ಅಕ್ಷರದಿಂದ ಆಚೆಗೂ ಸಣ್ಣ ಸಣ್ಣ ಅಲೆಗಳು ಏಳುತ್ತವೆ. ಬಣ್ಣವಂತೂ ಇನ್ನೂ ದೂರ ಸೋರಿರುತ್ತದೆ. ಅಕ್ಷರ ಅಳಿಸಿ ಈ ಸೋರಿಕೆ ಬಿಟ್ಟರೆ, 23 ಹೋದ ಜಾಗದಲ್ಲಿ 23ರ ಆಕಾರದ್ದೇ ನಸು ಗುಲಾಬಿ ಗೆರೆ ಉಳಿಯುತ್ತದೆ.

ಆಮೇಲೆ ಕ್ಲೋನ್ ಸ್ಟ್ಯಾಂಪ್ ಹಿಡಿದು ಪಟ್ಟಿಯೊಳಗಿಂದಲೇ ಎತ್ತಿ ತುಂಬಿದೆ. ಕೆರೆಯ ಅಲೆ ಅಡ್ಡಡ್ಡ ಇದ್ದಿದ್ದರಿಂದ ಎಡಬಲದಿಂದಲೇ ಎತ್ತಿಕೊಂಡೆ. ಇದೇ ಪಟ್ಟಿ ಎಡದಿಂದ ಬಲಕ್ಕೆ ತೆಳುವಾಗುತ್ತಾ ಹೋಗಿದ್ದರೆ ಆ ದಾರಿ ಬಂದ್. ಆಗ ನೇರ ಮೇಲಿಂದ ಅಥವಾ ಕೆಳಗಿಂದ ಮಾತ್ರ ಎತ್ತಬೇಕು, ಅಲ್ಲಿ ಪಟ್ಟಿಯ ದಪ್ಪ ಒಂದೇ ಇರುತ್ತದಲ್ಲ. 3ರ ಹಿಂದೆ ದೋಣಿಯೊಂದರ ಗಳ ನೇರವಾಗಿ ಹಾದುಹೋಗಿತ್ತು. ಅದನ್ನು ಮಾತ್ರ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಕೈಯಲ್ಲೇ ಜೋಡಿಸಿದೆ. ತಾನೇ ತುಂಬುವ ಸ್ಪಾಟ್ ಹೀಲಿಂಗ್ ಬ್ರಷ್ ಅಲ್ಲಿ ಗಳವನ್ನು ಸೊಟ್ಟ ಮಾಡಿಟ್ಟಿತ್ತು.

ಸರಿಯಾಯಿತಾ ಅಂತ ಕಣ್ಣಳತೆಯಲ್ಲಿ ಹೇಳಲು ಬಾರದು. ಎಲ್ಲದರ ಮೇಲೆ ತಾತ್ಕಾಲಿಕವಾಗಿ ಒಂದು ಕರ್ವ್ಸ್ ಲೇಯರ್ ಇಟ್ಟು ಕಾಂಟ್ರಾಸ್ಟ್ ವಿಪರೀತ ಏರಿಸಿದೆ. ಪಟ್ಟಿ ಹಿಂಡಿದ್ದ ವ್ಯತ್ಯಾಸಗಳೆಲ್ಲ ಆಗ ಉಬ್ಬಿ ಕಾಣುತ್ತವೆ. ಒಂದೇ ಅಲೆ ಎರಡು ಸಲ ಬಂದದ್ದು, 2ರ ಬಾಲದ ಹತ್ತಿರ ಉಳಿದಿದ್ದ ಗುಲಾಬಿ ಗೆರೆ ಎರಡೂ ಸಿಕ್ಕವು. ತಿದ್ದಿ, ಆ ಲೇಯರ್ ಅಳಿಸಿ, 30 ಅಂತ ಟೈಪ್ ಮಾಡಿದೆ.

ಸ್ಕ್ರೀನ್ ಮೇಲೆ ಚೆನ್ನಾಗೇ ಇತ್ತು. ಆದರೆ ಇದು ಹತ್ತಡಿಯ ಫ್ಲೆಕ್ಸ್. ಹತ್ತಡಿಗೆ 1280 ಪಿಕ್ಸೆಲ್ ಅಂದರೆ ಒಂದೊಂದು ಪಿಕ್ಸೆಲ್ ಹೆಚ್ಚುಕಡಿಮೆ 2.4 ಮಿಲಿಮೀಟರ್. ಹಳೆಯ "ನವೆಂಬರ್", "ಭಾನುವಾರ" ಅಷ್ಟು ದಪ್ಪದ ಮಸುಕು ಅಂಚಿನಲ್ಲಿ ಪ್ರಿಂಟ್ ಆಗುತ್ತವೆ. ನನ್ನ 30 ವೆಕ್ಟರ್ ಅಕ್ಷರ, ಬ್ಲೇಡಿನಲ್ಲಿ ಕುಯ್ದಷ್ಟು ಚೂಪು. ಬಂದವರಿಗೆ ತಾರೀಕು ಬದಲಾಗಿದ್ದು ದೂರದಿಂದಲೇ ಗೊತ್ತಾಗುತ್ತದೆ. 30ನ್ನು ಒಂದು ಪಿಕ್ಸೆಲ್‌ನಷ್ಟು ಮಸುಕು ಮಾಡಿದರೆ ಹೊಂದುತ್ತಿತ್ತು. ಆದರೆ ಹತ್ತಡಿ ಬ್ಯಾನರ್‌ನಲ್ಲಿ ಬೇಕಂತಲೇ ಮಸುಕು ಮಾಡೋದು ನನಗೆ ಒಗ್ಗಲಿಲ್ಲ. ಪಟ್ಟಿಯ ಮೇಲಿದ್ದ ಪೂರ್ತಿ ಸಾಲನ್ನು ಇದೇ ರೀತಿ ಅಳಿಸಿ, ಅಷ್ಟನ್ನೂ ಹೊಸದಾಗಿ ಟೈಪ್ ಮಾಡಿ ಕಳಿಸಿದೆ. ಕಾರ್ಯದರ್ಶಿಗೆ ಎರಡಂಕಿಯ ಬಿಲ್ ಅಂದುಕೊಂಡಿದ್ದು ಒಂದು ಸಾಲಿನ ಬಿಲ್ ಆಯಿತು.