ಮೇಲ್ ಅಸಲಿ, ಖಾತೆ ಯಾರದೋ

ಮಂಡ್ಯದ ದಂಪತಿ ಮೈಸೂರಿನ ವಿಜಯನಗರ ನಾಲ್ಕನೇ ಹಂತದಲ್ಲಿ 62 ಲಕ್ಷಕ್ಕೆ ಒಂದು ಸೈಟು ಕೊಳ್ಳುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮಾರುವವರು ನಿವೃತ್ತರು, ಈಗಿರುವುದು ಪುಣೆಯ ಮಗಳ ಮನೆಯಲ್ಲಿ. ಹಾಗಾಗಿ ಕರಾರಿನ ಕರಡು, ಇ.ಸಿ., ತೆರಿಗೆ ರಸೀದಿ ಎಲ್ಲ ಓಡಾಡಿದ್ದು ಇಮೇಲ್‌ನಲ್ಲೇ. ಮುಂಗಡ 10 ಲಕ್ಷ ಸರಿಯಾಗಿ ತಲುಪಿದೆ. ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ಉಳಿದ 52 ಲಕ್ಷದಲ್ಲಿ ಶೇ 1ರಷ್ಟು ಟಿಡಿಎಸ್ ಹಿಡಿದುಕೊಂಡು 51.48 ಲಕ್ಷ ಕಳಿಸಬೇಕು.

ಶುಕ್ರವಾರ ಸಂಜೆ ಮಾರುವವರಿಂದ ಮೇಲ್ ಬರುತ್ತದೆ: ‘ಕೆವೈಸಿ ತೊಂದರೆಯಿಂದ ನನ್ನ ಹಳೆಯ ಖಾತೆ ತಡೆಹಿಡಿದಿದ್ದಾರೆ. ದಯವಿಟ್ಟು ಈ ಖಾತೆಗೆ ಹಾಕಿ.’ ವಿಳಾಸ ಅದೇ, ಸಹಿಯ ಸಾಲು ಅದೇ. ಕೆಳಗೆ ಎರಡು ತಿಂಗಳ ಹಳೆಯ ಮಾತುಕತೆಯೂ ಇದೆ. ಟಿಡಿಎಸ್ ಕಳೆದ ಮೊತ್ತವನ್ನು ರೂಪಾಯಿ ಲೆಕ್ಕಕ್ಕೆ ಸರಿಯಾಗಿ ಬರೆದಿದೆ. ಅನುಮಾನ ಎಲ್ಲಿಂದ ಬರಬೇಕು?

ವಿಳಾಸವನ್ನು ಅಕ್ಷರ ಅಕ್ಷರ ಪರೀಕ್ಷಿಸಿ ಎಂಬ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬಾರದು. ಈ ಮೇಲ್ ನಿಜವಾಗಿಯೂ ಅವರ ಮೇಲ್‌ಬಾಕ್ಸ್‌ನಿಂದಲೇ ಹೊರಟಿದೆ. ವಾರಗಳ ಹಿಂದೆ ಯಾವುದೋ ನಕಲಿ ಲಾಗಿನ್ ಪುಟದಲ್ಲಿ ಅವರು ಪಾಸ್‌ವರ್ಡ್ ಕೊಟ್ಟಿದ್ದಾರೆ. ಕಳ್ಳ ಅಂದೇ ಏನನ್ನೂ ಕದಿಯಲಿಲ್ಲ. ಸುಮ್ಮನೆ ಓದುತ್ತಾ ಕೂತ. ಮೇಲ್ ಕಳಿಸಿದ ಸರ್ವರ್ ಅಸಲಿಯೇ ಎಂದು ನೋಡುವ SPF, DKIM ಪರೀಕ್ಷೆಗಳೆರಡೂ ಇದನ್ನು ಪಾಸು ಮಾಡುತ್ತವೆ. ಅವು ನೋಡುವುದು ಯಾವ ಸರ್ವರ್‌ನಿಂದ ಬಂತು ಎಂಬುದನ್ನು, ಕೀಲಿಮಣೆಯ ಮುಂದೆ ಯಾರಿದ್ದಾರೆ ಎಂಬುದನ್ನಲ್ಲ.

ನಿಜವಾದ ಕೈಚಳಕ ಇನ್ನೊಂದಿದೆ. ಕೊಳ್ಳುವವರು ‘ಸರಿ ಸರ್, ನಾಳೆ ಕಳಿಸುತ್ತೇವೆ’ ಎಂದು ಉತ್ತರಿಸಿದರೆ ಮಾರುವವರಿಗೆ ಗುಟ್ಟು ತಿಳಿಯಬೇಕಲ್ಲವೇ? ತಿಳಿಯುವುದಿಲ್ಲ. ಕಳ್ಳ ಮೇಲ್‌ಬಾಕ್ಸ್‌ನಲ್ಲಿ ಒಂದು ಫಿಲ್ಟರ್ ಹಾಕಿಟ್ಟಿರುತ್ತಾನೆ. ಈ ದಂಪತಿಯಿಂದ ಬರುವ ಮೇಲ್‌ಗಳು ‘ಓದಿದೆ’ ಎಂಬ ಗುರುತು ಹೊತ್ತು, ಯಾರೂ ತೆರೆಯದ ಫೋಲ್ಡರ್‌ಗೆ ನೇರವಾಗಿ ಹೋಗಿ ಬೀಳುತ್ತವೆ. ಉತ್ತರ ಬರೆಯುವವನು ಕಳ್ಳನೇ. ಜಾಗ್ರತೆಯವರು ಮೊದಲು ಹತ್ತು ರೂಪಾಯಿ ಕಳಿಸಿ ‘ಬಂತೇ?’ ಎಂದು ಮೇಲ್‌ನಲ್ಲಿ ಕೇಳಿದರೂ ‘ಬಂತು’ ಎಂದೇ ಉತ್ತರ ಬರುತ್ತದೆ. ಸುಳ್ಳೇನಲ್ಲ, ಅವನಿಗೆ ಬಂದಿದೆ.

ಇನ್ನು ಬ್ಯಾಂಕು. ಆರ್‌ಟಿಜಿಎಸ್ ಅರ್ಜಿಯಲ್ಲಿ ನಾವು ಮಾರುವವರ ಹೆಸರು ಬರೆದಿರುತ್ತೇವೆ. ಹೆಸರು ತಾಳೆಯಾಗದಿದ್ದರೆ ಹಣ ವಾಪಸು ಬರುತ್ತದೆಂಬ ನಂಬಿಕೆ ಬಹಳ ಜನರದು. ಆದರೆ ಈ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನಲ್ಲ. ಈ ಕೊರತೆಗಾಗಿಯೇ ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ ಹಣ ಕಳಿಸುವ ಮೊದಲೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತು. ಒಳ್ಳೆಯದೇ. ಆದರೆ ತೆರೆಯ ಮೇಲೆ ಯಾವುದೋ ಟ್ರೇಡರ್ಸ್ ಹೆಸರು ಕಂಡಾಗ ನಿಲ್ಲಬೇಕಾದವರು ನಾವೇ. ‘ಅದು ನನ್ನ ಅಳಿಯನ ಕಂಪನಿ ಖಾತೆ’ ಎಂಬ ಸಾಲನ್ನು ಕಳ್ಳ ಮೊದಲೇ ಮೇಲ್‌ನಲ್ಲಿ ಸೇರಿಸಿದ್ದರೆ ಎಷ್ಟು ಜನ ನಿಂತಾರು?

ಐಎಫ್‌ಎಸ್‌ಸಿ ಕೂಡ ಒಂದು ಸುಳಿವು. ಅದರ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನೂ ಕೊನೆಯ ಆರು ಶಾಖೆಯನ್ನೂ ಹೇಳುತ್ತವೆ. ಹುಡುಕಿ ನೋಡಿದಾಗ, ಮೈಸೂರಿನಿಂದ ಪುಣೆಗೆ ಹೋದವರ ಖಾತೆ ಇಬ್ಬರಿಗೂ ಸಂಬಂಧವಿಲ್ಲದ ಊರಿನಲ್ಲಿದ್ದರೆ ಕೇಳಲೇಬೇಕು. ಕೇಳುವುದು ಫೋನಿನಲ್ಲಿ, ಅದೂ ಕರಾರು ಪತ್ರದಲ್ಲಿರುವ ಅಥವಾ ಮೊದಲಿನಿಂದ ಮಾತಾಡುತ್ತಿದ್ದ ನಂಬರಿಗೆ. ಹೊಸ ಮೇಲ್‌ನ ಕೆಳಗಿರುವ ನಂಬರ್ ಕಳ್ಳನದೇ ಆಗಿರಬಹುದು.

ಇಷ್ಟು ದೊಡ್ಡ ಮೊತ್ತಕ್ಕೆ ನನ್ನ ಮತ ಹಳೆಯ ಡಿಡಿಗೆ. ಡಿಡಿಯ ಮೇಲೆ ಮಾರುವವರ ಹೆಸರೇ ಅಚ್ಚಾಗಿರುತ್ತದೆ, ಅಕೌಂಟ್ ಪೇಯಿ ಗೆರೆ ಇರುತ್ತದೆ, ಅವರ ಹೆಸರಿನ ಖಾತೆಗೇ ಜಮೆಯಾಗಬೇಕು. ನೋಂದಣಿಯ ದಿನ ಮುಖ ನೋಡಿ ಕೈಗೆ ಕೊಡಬಹುದು.

ನಮ್ಮ ದಂಪತಿ ಶನಿವಾರ ನೆಟ್ ಬ್ಯಾಂಕಿಂಗ್‌ನಲ್ಲಿ ಹಣ ಕಳಿಸಿಬಿಟ್ಟರು. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್‌ಗೆ ರಜೆಯೆಂಬುದಿಲ್ಲ. ಸೋಮವಾರ ಕಚೇರಿಯ ಬೆಂಚಿನ ಮೇಲೆ ಮಾರುವವರು ‘ದುಡ್ಡು ಇನ್ನೂ ಬಂದಿಲ್ವಲ್ಲಾ’ ಎನ್ನುವ ಹೊತ್ತಿಗೆ ಎರಡು ರಾತ್ರಿ ಕಳೆದಿವೆ. ಆಗಲೂ ಮೊದಲ ಕೆಲಸ ಪರಸ್ಪರ ದೂರುವುದಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆರ್‌ಟಿಜಿಎಸ್‌ನ 22 ಅಕ್ಷರಗಳ ಯುಟಿಆರ್ ಸಂಖ್ಯೆ ಕೊಡುವುದು. ಆ ಸಂಖ್ಯೆ ಹಿಡಿದು ಹಣ ಯಾವ ಖಾತೆಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಎಂದು ಬೆನ್ನಟ್ಟಿ, ಉಳಿದಿದ್ದನ್ನು ತಡೆಹಿಡಿಯಲು ಸಾಧ್ಯ. ಬಾಡಿಗೆ ಖಾತೆಗಳಿಗೆ ಚೂರುಚೂರಾಗಿ ಹಂಚಿ ಎಟಿಎಂನಿಂದ ಹೊರಬಿದ್ದ ಹಣ ಮಾತ್ರ ಸಿಗುವುದು ಕಷ್ಟ. ತಮ್ಮದೇ ಒಟಿಪಿ ಕೊಟ್ಟು ಕಳಿಸಿದ ಹಣವಾದ್ದರಿಂದ ಬ್ಯಾಂಕು ತುಂಬಿಕೊಡುತ್ತದೆಂದೂ ನೆಚ್ಚಿಕೊಳ್ಳುವಂತಿಲ್ಲ.

ಅತ್ತ ಮಾರುವವರು ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸುತ್ತಾರೆ. ಅದು ಸಾಲದು, ಫಿಲ್ಟರ್ ಹಾಗೇ ಉಳಿದಿರುತ್ತದೆ. ಜಿಮೇಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ Filters and Blocked Addresses ಹಾಗೂ Forwarding and POP/IMAP ತೆರೆದು, ತಾವು ಹಾಕದ ಪ್ರತಿಯೊಂದನ್ನೂ ತೆಗೆಯಬೇಕು. ತೆಗೆಯುವ ಮೊದಲು ಒಂದು ಸ್ಕ್ರೀನ್‌ಶಾಟ್ ಇರಲಿ, ಪೊಲೀಸರು ಕೇಳುತ್ತಾರೆ.