ನಾಣ್ಯ ‘ಆಮೇಲೆ’ ಅನ್ನುತ್ತದೆ, ಶಾಸನ ‘ಅಷ್ಟರೊಳಗೆ’ ಅನ್ನುತ್ತದೆ

ಇತಿಹಾಸದ ಪ್ರಶ್ನೆಪತ್ರಿಕೆ ಪರಿಶೀಲನೆಗೆ ಬಂದರೆ ನಾನು ಮೊದಲು ಮಾಡುವ ಕೆಲಸ ಒಂದೇ. ‘ಈ ಆಧಾರವನ್ನು ಓದಿ ಉತ್ತರಿಸಿ’ ಎಂದಿರುವ ಕಡೆ ಆಧಾರದ ಮೇಲೆ ಕೈ ಇಟ್ಟು ಮುಚ್ಚುತ್ತೇನೆ. ಕೆಳಗಿನ ಪ್ರಶ್ನೆಯನ್ನಷ್ಟೇ ಓದುತ್ತೇನೆ. ಉತ್ತರ ಆಗಲೂ ಬಂದುಬಿಟ್ಟರೆ ಆ ಶಾಸನ ಅಲ್ಲಿ ಬರೀ ಅಲಂಕಾರ. ಐಹೊಳೆ ಶಾಸನದ ನಾಲ್ಕು ಸಾಲು ಕೊಟ್ಟು, ‘ಈ ಶಾಸನವನ್ನು ರಚಿಸಿದವನು ಯಾರು?’ ಎಂದು ಕೇಳುತ್ತಾರೆ. ರವಿಕೀರ್ತಿ ಅಂತ ಮಗು ಬಾಯಿಪಾಠ ಮಾಡಿರುತ್ತದೆ. ಶಾಸನ ಓದುವ ಅಗತ್ಯ ಎಲ್ಲಿ ಬಂತು?

ಇದು ಸುಲಭದ ತಪ್ಪು, ಒಮ್ಮೆ ಹೇಳಿದರೆ ಸರಿಹೋಗುತ್ತದೆ. ನನ್ನ ತಾಳ್ಮೆ ಕೆಡಿಸುವುದು ಇನ್ನೊಂದು. ಉತ್ಸಾಹದಿಂದ ‘ತರ್ಕ ಪರೀಕ್ಷಿಸುವ’ ಪ್ರಶ್ನೆ ಬರೆಯುವ ಶಿಕ್ಷಕರೇ ಅದನ್ನು ಜಾಸ್ತಿ ಮಾಡುತ್ತಾರೆ. ಅವರ ಪ್ರಕಾರ ಪ್ರತಿ ಆಧಾರವೂ ಒಂದು ವರ್ಷವನ್ನು ಹೇಳಬೇಕು. ಆದರೆ ಹೆಚ್ಚಿನ ಆಧಾರಗಳು ವರ್ಷ ಹೇಳುವುದಿಲ್ಲ, ಗಡಿ ಹೇಳುತ್ತವೆ. ಆ ಗಡಿ ಯಾವ ಕಡೆಯದು ಎನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ.

ಐಹೊಳೆಯನ್ನೇ ತೆಗೆದುಕೊಳ್ಳೋಣ. ಮೇಗುತಿ ಜಿನಾಲಯದ ಗೋಡೆಯಲ್ಲಿರುವ ಈ ಶಾಸನದ ಕಾಲ ಶಕ 556. 78 ಸೇರಿಸಿದರೆ ಕ್ರಿ.ಶ. 634 ಅಥವಾ 635. ಬಸದಿ ಕಟ್ಟಿಸಿದ ರವಿಕೀರ್ತಿ, ಕವಿತೆಯಲ್ಲಿ ತನ್ನ ಕೀರ್ತಿ ಕಾಳಿದಾಸ ಮತ್ತು ಭಾರವಿಯರ ಕೀರ್ತಿಗೆ ಸಮ ಎಂದು ಹೇಳಿಕೊಂಡಿದ್ದಾನೆ. ಸಂಕೋಚದ ಮನುಷ್ಯ ಅಲ್ಲ ಬಿಡಿ. ಅವನ ಆ ಜಂಬದಿಂದ ನಮಗೊಂದು ಲಾಭವಾಗಿದೆ. ಕಾಳಿದಾಸನ ಕಾಲದ ಬಗ್ಗೆ ಬೇರೆ ಎಷ್ಟೇ ವಾದ ಇರಲಿ, 634ರ ಹೊತ್ತಿಗೆ ಅವನ ಹೆಸರು ದಕ್ಷಿಣದಲ್ಲೂ ದೊಡ್ಡದಾಗಿತ್ತು. ಹೆಸರಿಲ್ಲದವನಿಗೆ ತನ್ನನ್ನು ಹೋಲಿಸಿಕೊಂಡು ಯಾರೂ ಮೆರೆಯುವುದಿಲ್ಲ, ಅಲ್ವಾ? ಹಾಗಾಗಿ ಕಾಳಿದಾಸ ಅಷ್ಟರೊಳಗೆ ಬರೆದಾಗಿತ್ತು. ಅದಕ್ಕಿಂತ ಎಷ್ಟು ಮೊದಲು? ಶಾಸನ ಹೇಳುವುದಿಲ್ಲ.

ಇದನ್ನು ಪ್ರಶ್ನೆ ಮಾಡುವುದು ಹೇಗೆ? ಮೇಲಿನ ಸಾಲು ಕೊಟ್ಟು, ‘ಇದರಿಂದ ಖಚಿತವಾಗಿ ಏನು ಹೇಳಬಹುದು?’ ಎಂದು ಕೇಳಿ. ನಾನು ಇಡುವ ಆಯ್ಕೆಗಳು ಇವು: ಕಾಳಿದಾಸ ಪುಲಕೇಶಿಯ ಆಸ್ಥಾನದಲ್ಲಿದ್ದ, ಕಾಳಿದಾಸ ಏಳನೇ ಶತಮಾನದವನು, 634ರ ಹೊತ್ತಿಗೆ ಕಾಳಿದಾಸ ಹೆಸರಾಂತ ಕವಿಯಾಗಿದ್ದ, ರವಿಕೀರ್ತಿ ಕಾಳಿದಾಸನಷ್ಟೇ ಒಳ್ಳೆಯ ಕವಿ. ಸರಿಯುತ್ತರ ಮೂರನೆಯದು. ನನಗೆ ಮುಖ್ಯ ಆದದ್ದು ಉಳಿದ ಮೂರು. ಮೊದಲನೆಯದನ್ನು ಆರಿಸಿದ ಮಗು, ಶಾಸನದಲ್ಲಿ ಹೆಸರು ಬಂದವರೆಲ್ಲ ಒಂದೇ ಕಡೆ ಇದ್ದರು ಅಂದುಕೊಂಡಿದೆ. ಎರಡನೆಯದನ್ನು ಆರಿಸಿದ್ದು ಶಾಸನದ ಕಾಲವನ್ನೇ ಶಾಸನ ಹೇಳುವ ಸಂಗತಿಯ ಕಾಲ ಅಂದುಕೊಂಡಿದೆ. ನಾಲ್ಕನೆಯದು ಕವಿಯ ಬಾಯಿಮಾತನ್ನು ನಂಬಿದೆ. ತಪ್ಪು ಆಯ್ಕೆ ನೋಡಿದ ಕೂಡಲೇ ಮಗು ಎಲ್ಲಿ ಜಾರಿತು ಅಂತ ಶಿಕ್ಷಕರಿಗೆ ಗೊತ್ತಾಗಬೇಕು. ಅಂಥ ಆಯ್ಕೆ ಹೊಳೆಯದಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡುವುದೇ ವಾಸಿ. ಸುಮ್ನೆ ಅಶೋಕ, ಅಕ್ಬರ್ ಅಂತ ಹೆಸರು ತುಂಬಿಸಿದರೆ ಏನೂ ತಿಳಿಯುವುದಿಲ್ಲ.

ಅದೇ ಶಾಸನದಲ್ಲಿ ಇನ್ನೊಂದು ಲೆಕ್ಕವಿದೆ. ಭಾರತ ಯುದ್ಧವಾಗಿ 3735 ವರ್ಷ ಕಳೆದಿವೆ ಎನ್ನುತ್ತಾನೆ ರವಿಕೀರ್ತಿ. ಕಳೆದು ನೋಡಿದರೆ ಕ್ರಿ.ಪೂ. 3102ರ ಸುತ್ತ ಬರುತ್ತದೆ. ‘ಹಾಗಾದರೆ ಯುದ್ಧದ ಕಾಲ ಸಿಕ್ಕಿತಲ್ಲ ಸಾರ್?’ ಎಂದು ಪ್ರತಿ ಕಾರ್ಯಾಗಾರದಲ್ಲೂ ಒಬ್ಬರಾದರೂ ಕೇಳುತ್ತಾರೆ. ಸಿಕ್ಕಿಲ್ಲ. ಏಳನೇ ಶತಮಾನದ ಓದುಬರಹ ಬಲ್ಲವರು ಯುದ್ಧ ಯಾವಾಗ ನಡೆಯಿತೆಂದು ನಂಬಿದ್ದರು, ಅದು ಸಿಕ್ಕಿದೆ. ಆ ನಂಬಿಕೆಯೂ ಇತಿಹಾಸದ ಸಂಗತಿಯೇ, ಕೀಳಲ್ಲ. ಆದರೆ ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಘಟನೆಗೆ ರವಿಕೀರ್ತಿ ಸಾಕ್ಷಿ ಆಗಲಾರ.

ಇನ್ನು ಹರ್ಷನ ಸೋಲು. ಹರ್ಷನ ಹರ್ಷವೇ ಭಯದಿಂದ ಇಳಿದುಹೋಯಿತು ಎಂದು ಕವಿ ಚಮತ್ಕಾರ ಮಾಡಿದ್ದಾನೆ. ಇದು ಗೆದ್ದ ರಾಜನ ಕಡೆಯ ಕವಿ ಬರೆದ ಪ್ರಶಸ್ತಿ. ನಂಬಬೇಕೋ ಬೇಡವೋ? ಇಲ್ಲಿ ನಾನು ಕೇಳುವ ಪ್ರಶ್ನೆ: ‘ಈ ಮಾತಿಗೆ ಹೆಚ್ಚು ಬಲ ಕೊಡುವುದು ಯಾವುದು? ಪುಲಕೇಶಿಯ ವಂಶದವರು ಮುಂದೆ ತಮ್ಮ ತಾಮ್ರಪಟಗಳಲ್ಲಿ ಅದನ್ನೇ ಮತ್ತೆ ಮತ್ತೆ ಬರೆಸಿದ್ದೋ, ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದಿದ್ದೋ?’ ಬಹಳ ಮಕ್ಕಳು ತಾಮ್ರಪಟ ಎನ್ನುತ್ತಾರೆ. ಯಾಕೆಂದರೆ ಅವು ಹಲವು. ಆದರೆ ಅಜ್ಜನ ಗೆಲುವನ್ನು ಮೊಮ್ಮಗ ಎಷ್ಟು ಸಲ ಹೇಳಿದರೂ ಸಾಕ್ಷಿ ಒಂದೇ. ಹ್ಯೂಯೆನ್ ತ್ಸಾಂಗ್ ಹರ್ಷನ ಆದರ ಪಡೆದವನು, ಅವನನ್ನು ಹೊಗಳಿದವನು. ಅಂಥವನೇ ಮಹಾರಾಷ್ಟ್ರದ ಜನ ಮಾತ್ರ ಹರ್ಷನಿಗೆ ಮಣಿಯಲಿಲ್ಲ ಎಂದು ಬರೆದರೆ ಆ ಒಂದು ಮಾತಿಗೆ ತೂಕ ಜಾಸ್ತಿ. ಅಲ್ಲಿಗೂ ಅವನು ಹೇಳಿದ್ದು ಹರ್ಷ ಗೆಲ್ಲಲಿಲ್ಲ ಅಂತ. ಭಯದಿಂದ ನಡುಗಿದ ಅಂತಲ್ಲ.

ಆ ಯುದ್ಧ ಯಾವ ವರ್ಷ ನಡೆಯಿತು? ಐಹೊಳೆ ಶಾಸನ ಹೇಳುವುದು 634ರೊಳಗೆ ಎಂದಷ್ಟೇ. ಇದನ್ನು ಮರೆತು 634ರ ಹತ್ತಿರದ ವರ್ಷಗಳನ್ನೇ ಯುದ್ಧದ ಕಾಲ ಎಂದು ಬರೆದುಕೊಂಡು ಬಂದವರಿದ್ದಾರೆ. ಈಚೆಗೆ ಪುಲಕೇಶಿಯದೇ 619ರ ತಾಮ್ರಪಟವೊಂದು ಬೆಳಕಿಗೆ ಬಂತು. ಅದನ್ನು ಓದಿದ ವಿದ್ವಾಂಸರ ಪ್ರಕಾರ ಹರ್ಷನ ಮೇಲಿನ ಗೆಲುವು ಅದರಲ್ಲೇ ಇದೆ. ಅವರ ಓದು ಸರಿಯಿದ್ದರೆ ಗಡಿ ಹದಿನೈದು ವರ್ಷ ಹಿಂದಕ್ಕೆ ಸರಿಯಿತು. ಐಹೊಳೆ ಶಾಸನ ಸುಳ್ಳಾಯಿತೇ? ಇಲ್ಲ. ‘634ರೊಳಗೆ’ ಎನ್ನುವುದು ಈಗಲೂ ನಿಜ. ತಪ್ಪಾದದ್ದು ಅದನ್ನು ‘634ರಲ್ಲಿ’ ಎಂದು ಓದಿದವರ ಲೆಕ್ಕ.

ಈಗ ನಾಣ್ಯಕ್ಕೆ ಬರುತ್ತೇನೆ. ಇಲ್ಲಿ ಗಡಿ ತಿರುಗುಮುರುಗಾಗುತ್ತದೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಮಾರ್ಟಿಮರ್ ವ್ಹೀಲರ್ 1947ರಲ್ಲಿ ಅಗೆದ ಜಾಗ ಅದು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37. ‘ಆದ್ದರಿಂದ ಆ ಮಣ್ಣಿನ ಪದರದ ಕಾಲ ಕ್ರಿ.ಶ. 14–37’ ಎನ್ನುವ ಕೀ ಉತ್ತರ ನೋಡಿದಾಗ ನನಗೆ ತಲೆ ಬಿಸಿಯಾಗುತ್ತದೆ. ನಾಣ್ಯ ಟಂಕಿಸುವ ಮೊದಲು ಅದು ಮಣ್ಣಿಗೆ ಬೀಳುವುದು ಸಾಧ್ಯವಿಲ್ಲ. ಅಷ್ಟು ಖಚಿತ. ಟಂಕಿಸಿದ ಮೇಲೆ ಸಮುದ್ರ ದಾಟಿ ಬರಬೇಕು, ಕೈಯಿಂದ ಕೈಗೆ ಹೋಗಬೇಕು. ಬೆಳ್ಳಿ ಬೆಳ್ಳಿಯೇ, ಚಕ್ರವರ್ತಿ ಸತ್ತರೆ ಅದರ ಬೆಲೆ ಸಾಯುವುದಿಲ್ಲ. ನೂರು ವರ್ಷ ಓಡಾಡಿ ಸವೆದು ಆಮೇಲೆ ಬಿದ್ದಿರಬಹುದು. ನಾಣ್ಯ ಹೇಳುವುದು ‘ನಾನು ಹುಟ್ಟಿದ ಮೇಲೆ’ ಎಂದು ಮಾತ್ರ.

ಇದು ಅರ್ಥವಾಯಿತು ಎಂದು ಎಲ್ಲರೂ ತಲೆ ಆಡಿಸುತ್ತಾರೆ. ಆಗ ಒಂದು ಕಲ್ಪಿತ ಗುಂಡಿಯ ಚಿತ್ರ ಬರೆಯುತ್ತೇನೆ. ಒಂದು ಗಾರೆ ನೆಲ. ಅದರ ಅಡಿಯ ಮಣ್ಣಿನಲ್ಲಿ ಟೈಬೀರಿಯಸ್‌ನ ನಾಣ್ಯ. ನೆಲದ ಮೇಲೆ ಕೂತ ಮಣ್ಣಿನಲ್ಲಿ ಟ್ರೇಜನ್‌ನ ನಾಣ್ಯ. ಅವನು ಆಳಿದ್ದು 98ರಿಂದ 117. ಗಾರೆ ನೆಲ ಹಾಕಿದ್ದು ಯಾವಾಗ? ಮಕ್ಕಳಷ್ಟೇ ಅಲ್ಲ, ಶಿಕ್ಷಕರೂ ಒಕ್ಕೊರಲಿನಿಂದ ‘14 ಮತ್ತು 117ರ ನಡುವೆ’ ಎನ್ನುತ್ತಾರೆ. ನೋಡಲು ಎಷ್ಟು ಚೆನ್ನಾಗಿದೆ! ಮೇಲೊಂದು, ಕೆಳಗೊಂದು, ನಡುವೆ ನೆಲ.

ತಪ್ಪು. ಕೆಳಗಿನ ನಾಣ್ಯದಿಂದ ನೆಲ 14ರ ನಂತರದ್ದು ಎಂದಾಯಿತು. ಮೇಲಿನ ನಾಣ್ಯ ಹೇಳುವುದು ಮೇಲಿನ ಮಣ್ಣು 98ರ ನಂತರದ್ದು ಎಂದು. ಅದು ಎರಡನೇ ‘ಆಮೇಲೆ’. ಎರಡು ‘ಆಮೇಲೆ’ ಸೇರಿದರೆ ಒಂದು ‘ಒಳಗೆ’ ಆಗುವುದಿಲ್ಲ. ನೆಲವನ್ನು 200ರಲ್ಲಿ ಹಾಕಿ, 210ರಲ್ಲಿ ಯಾರದೋ ಕೈಯಿಂದ ಟ್ರೇಜನ್‌ನ ಹಳೇ ನಾಣ್ಯ ಜಾರಿದ್ದರೂ ಗುಂಡಿ ಹೀಗೇ ಕಾಣುತ್ತದೆ. ಮೇಲಿನ ಗಡಿ ಬೇಕಿದ್ದರೆ ಬೇರೆ ಥರದ ಸಾಕ್ಷಿ ಬೇಕು. ಉದಾಹರಣೆಗೆ, ಅದೇ ನೆಲದ ಮೇಲೆ ಎದ್ದ ಗೋಡೆಯಲ್ಲಿ, ಕಟ್ಟಿದ ಮೇಲೆ ಕೊರೆದ, ಕಾಲ ತಿಳಿದ ಶಾಸನ. ಅದು ‘ಅಷ್ಟರೊಳಗೆ’ ಎನ್ನಬಲ್ಲದು.

ಒಮ್ಮೆ ಹಿರಿಯ ಮೇಡಂ ಒಬ್ಬರು ಇದನ್ನು ಒಪ್ಪಲೇ ಇಲ್ಲ. ಊಟದ ಹೊತ್ತಿನವರೆಗೂ ವಾದ ಮಾಡಿದರು. ಕೊನೆಗೆ ಅವರೇ ಒಂದು ಪ್ರಶ್ನೆ ಎತ್ತಿದರು: ‘ಸಾರ್, ಹೆಗ್ಗಣ ಬಿಲ ತೋಡಿ ಮೇಲಿನ ನಾಣ್ಯ ಕೆಳಗೆ ಬಿದ್ದಿದ್ದರೆ?’ ಆವತ್ತಿನ ಅತ್ಯುತ್ತಮ ಪ್ರಶ್ನೆ ಅದು. ಹಾಗೆ ಬಿದ್ದಿದ್ದರೆ ‘14ರ ನಂತರ’ ಎಂಬುದೂ ಉಳಿಯುವುದಿಲ್ಲ. ಅದಕ್ಕೇ ಪ್ರಶ್ನೆಯಲ್ಲಿ ‘ನೆಲ ಎಲ್ಲೂ ಒಡೆದಿರಲಿಲ್ಲ’ ಎಂಬ ಮಾತು ಇರಲೇಬೇಕು. ಮೇಲ್ಮೈಯಲ್ಲಿ ಹೆಕ್ಕಿದ ನಾಣ್ಯವೋ, ಮುಚ್ಚಿದ ಪದರದಲ್ಲಿ ಸಿಕ್ಕಿದ್ದೋ ಎಂದು ಹೇಳದೆ ಕಾಲ ಕೇಳುವ ಪ್ರಶ್ನೆಗೆ ಉತ್ತರವೇ ಇಲ್ಲ.

ಪಾಳುಗೆಡವಿದ ಊರುಗಳ ವಿಷಯದಲ್ಲಿ ಗಡಿಗಿಂತ ಕಾರಣ ಊಹಿಸುವ ಆತುರ ಹೆಚ್ಚು. ವ್ಹೀಲರ್ ಪದರ ಬಿಡಿಸಿ ಅಗೆಯುವುದನ್ನು ಇಲ್ಲಿನವರಿಗೆ ಕಲಿಸಿದವರು. ಅವರೇ ಮೊಹೆಂಜೊದಾರೊದ ಬೀದಿ, ಮನೆಗಳಲ್ಲಿ ಸಿಕ್ಕ ಅಸ್ಥಿಪಂಜರಗಳನ್ನು ನೋಡಿ, ಆರ್ಯರ ದಾಳಿಯಲ್ಲಿ ಸತ್ತವರು ಎಂದರು. 1964ರಲ್ಲಿ ಜಾರ್ಜ್ ಡೇಲ್ಸ್ ಹಳೆಯ ದಾಖಲೆಗಳನ್ನು ಮತ್ತೆ ಜಾಲಾಡಿದರು. ಆ ಅಸ್ಥಿಗಳೆಲ್ಲ ಒಂದೇ ಪದರದವಲ್ಲ, ಒಂದೇ ಘಟನೆಯಲ್ಲಿ ಸತ್ತವರೆನ್ನಲು ಆಧಾರವಿಲ್ಲ ಎಂದು ತೋರಿಸಿದರು. ಇಲ್ಲಿ ‘ದಾಳಿ ನಡೆಯಿತೇ?’ ಎಂದು ಕೇಳಬೇಡಿ. ‘ಒಂದೇ ದಿನ ಕೊಂದರು ಎನ್ನುವವರು ಮಣ್ಣಿನಲ್ಲಿ ಏನೇನನ್ನು ತೋರಿಸಬೇಕು?’ ಎಂದು ಕೇಳಿ. ಎಲ್ಲವೂ ಒಂದೇ ಪದರದಲ್ಲಿರಬೇಕು, ಮೂಳೆಗಳ ಮೇಲೆ ಸಾಯುವ ಹೊತ್ತಿನ ಗಾಯ ಇರಬೇಕು, ಮನೆಗಳು ಅದೇ ಹೊತ್ತಿಗೆ ಹಾಳಾಗಿರಬೇಕು. ಹತ್ತನೇ ತರಗತಿಯ ಮಕ್ಕಳು ಇಷ್ಟನ್ನು ಬರೆಯಬಲ್ಲರು. ನಾನು ಕಣ್ಣಾರೆ ನೋಡಿದ್ದೇನೆ.

ಒಂದು ಎಚ್ಚರಿಕೆ. ಇಂಥ ಪ್ರಶ್ನೆ ಬರೆಯಲು ಶುರು ಮಾಡಿದವರು ‘ಈ ಆಧಾರದಿಂದ ಹೇಳಲಾಗದು’ ಎಂಬ ಆಯ್ಕೆಯ ಮೋಹಕ್ಕೆ ಬೀಳುತ್ತಾರೆ. ಪ್ರತಿ ಸಲವೂ ಅದೇ ಸರಿಯುತ್ತರ. ಮಕ್ಕಳು ಜಾಣರು, ಎರಡು ಪತ್ರಿಕೆ ನೋಡಿದರೆ ಸಾಕು, ಓದದೆಯೇ ಅದಕ್ಕೆ ಗುರುತು ಹಾಕುತ್ತಾರೆ. ಕೆಲವು ಕಡೆ ಆ ಆಯ್ಕೆ ತಪ್ಪಾಗಿರಲಿ. ಕಾಳಿದಾಸನ ಪ್ರಶ್ನೆಗೇ ಅದನ್ನು ಸೇರಿಸಿ ನೋಡಿ. ಅಲ್ಲಿ ಶಾಸನ ಖಚಿತವಾಗಿ ಒಂದು ಮಾತು ಹೇಳುತ್ತಿದೆ, ಅದನ್ನು ಕೇಳಿಸಿಕೊಳ್ಳದವನಿಗೆ ಅಂಕ ಇಲ್ಲ. ಗುಂಡಿಯ ಪ್ರಶ್ನೆಗೆ ಎರಡು ಅಂಕವಿದ್ದರೆ ಒಂದನ್ನು ‘14ರ ನಂತರ’ ಎಂಬುದಕ್ಕೆ ಕೊಡಿ. ಇನ್ನೊಂದನ್ನು ಟ್ರೇಜನ್‌ನ ನಾಣ್ಯ ಯಾಕೆ ಗಡಿಯಲ್ಲ ಎಂದು ವಿವರಿಸಿದ್ದಕ್ಕೆ ಇಡಿ. ಮತ್ತು ದಯವಿಟ್ಟು ಮೌಲ್ಯಮಾಪಕರ ಕೀ ಉತ್ತರದಲ್ಲಿ ಆ ಕಾರಣವನ್ನೂ ಬರೆದು ಕಳಿಸಿ. ಇಲ್ಲದಿದ್ದರೆ ‘14–117’ ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಬಂದು, ಸರಿಯಾಗಿ ಯೋಚಿಸಿದ ಮಗುವಿಗೆ ಸೊನ್ನೆ ಬೀಳುತ್ತದೆ.