ವಿನಿಮಯ ದರದ ಓವರ್‌ಶೂಟಿಂಗ್: ಗುರಿ ದಾಟಿ ಹೋಗಿ ಹಿಂದಿರುಗುವ ಕರೆನ್ಸಿ

ಅರ್ಥಶಾಸ್ತ್ರ ಓದುವಾಗ ಎರಡು ಮಾತು ನನ್ನನ್ನು ಬಹಳ ದಿನ ಕಾಡಿದ್ದವು. ಕೇಂದ್ರ ಬ್ಯಾಂಕ್ ಹಣ ಬಿಗಿ ಮಾಡಿ ಬಡ್ಡಿ ಏರಿದರೆ ಆ ದೇಶದ ಕರೆನ್ಸಿ ಬಲವಾಗುತ್ತದೆ ಅನ್ನುವುದು ಒಂದು. ಎಲ್ಲಿ ಬಡ್ಡಿ ಜಾಸ್ತಿಯೋ ಆ ಕರೆನ್ಸಿ ಮುಂದೆ ಬೀಳುತ್ತದೆ ಎಂದು ಮಾರುಕಟ್ಟೆ ಎಣಿಸಿರುತ್ತದೆ ಅನ್ನುವುದು ಇನ್ನೊಂದು. ಎರಡೂ ಒಂದೇ ಪಠ್ಯದಲ್ಲಿ, ಒಂದೆರಡು ಅಧ್ಯಾಯದ ಅಂತರದಲ್ಲಿ ಇದ್ದವು. ಹಾಗಾದರೆ ಬಡ್ಡಿ ಏರಿದಾಗ ಕರೆನ್ಸಿ ಏರಬೇಕೋ, ಬೀಳಬೇಕೋ?

ಎರಡೂ ಆಗಬೇಕು. ಏರುವುದು ಮೊದಲ ದಿನ, ಒಂದೇ ಜಿಗಿತದಲ್ಲಿ. ಬೀಳುವುದು ಆಮೇಲಿನ ವರ್ಷಗಳಲ್ಲಿ, ನಿಧಾನವಾಗಿ. ಮುಂದೆ ಬೀಳುವುದಕ್ಕೆ ಜಾಗ ಬೇಕಲ್ವಾ? ಅದಕ್ಕೇ ಮೊದಲ ದಿನದ ಜಿಗಿತ ಕೊನೆಗೆ ನಿಲ್ಲಬೇಕಾದ ಮಟ್ಟವನ್ನೂ ದಾಟಿ ಹೋಗುತ್ತದೆ. ಹೀಗೆ ಗುರಿ ದಾಟಿ ಹೋಗುವುದಕ್ಕೆ ಓವರ್‌ಶೂಟಿಂಗ್ ಎಂದು ಹೆಸರು. ಅರ್ಥಶಾಸ್ತ್ರಜ್ಞ ರೂಡಿಗರ್ ಡಾರ್ನ್‌ಬುಷ್ 1976ರಲ್ಲಿ ಇದನ್ನು ಒಂದು ಪುಟ್ಟ ಮಾದರಿಯಲ್ಲಿ ತೋರಿಸಿಕೊಟ್ಟರು. ಬ್ರೆಟನ್ ವುಡ್ಸ್‌ನ ಸ್ಥಿರ ದರಗಳ ವ್ಯವಸ್ಥೆ ಮುರಿದು ಬಿದ್ದು ಆಗಿನ್ನೂ ಕೆಲವೇ ವರ್ಷ ಆಗಿತ್ತು. ತೇಲುವ ದರಗಳು ಯಾಕೆ ಇಷ್ಟೊಂದು ಹಾರಾಡುತ್ತಿವೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದ ಕಾಲ. ಸಟ್ಟಾ ಆಡುವವರಿಗೆ ತಲೆ ಕೆಟ್ಟಿದೆ ಅನ್ನುವುದು ಸುಲಭದ ವಿವರಣೆ. ಎಲ್ಲರೂ ಮುಂದಿನದನ್ನು ಸರಿಯಾಗಿ ಊಹಿಸಿದರೂ ದರ ಹೀಗೇ ಹಾರುತ್ತದೆ ಎಂದು ಡಾರ್ನ್‌ಬುಷ್ ತೋರಿಸಿದರು. ನನಗೆ ಈ ಮಾದರಿ ಇಷ್ಟವಾಗುವುದೇ ಈ ಕಾರಣಕ್ಕೆ.

ಇಡೀ ವಿಷಯ ನಿಂತಿರುವುದು ವೇಗದ ವ್ಯತ್ಯಾಸದ ಮೇಲೆ. ಕರೆನ್ಸಿ ಮತ್ತು ಬಾಂಡ್‌ಗಳ ಬೆಲೆ ಕ್ಷಣದಲ್ಲಿ ಬದಲಾಗುತ್ತದೆ. ಸರಕು, ಬಾಡಿಗೆ, ಸಂಬಳ ಹಾಗಲ್ಲ. ಸಂಬಳದ ಒಪ್ಪಂದ ವರ್ಷಕ್ಕೊಮ್ಮೆ ಆಗುತ್ತದೆ. ದರಪಟ್ಟಿ ಅಚ್ಚಾಗಿ ಹೋಗಿರುತ್ತದೆ. ಪಕ್ಕದವನು ಇಳಿಸದೆ ನಾನು ಯಾಕೆ ಇಳಿಸಲಿ ಎಂದು ಮಾರುವವರು ಕಾಯುತ್ತಾರೆ. ಹೀಗೆ ಇದ್ದಲ್ಲೇ ಅಂಟಿಕೊಂಡು ನಿಧಾನವಾಗಿ ಕದಲುವ ಬೆಲೆಗಳಿಗೆ ಸ್ಟಿಕಿ ಬೆಲೆಗಳು ಅನ್ನುತ್ತಾರೆ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಸಣ್ಣ ದೇಶ. ಹೊರಗಿನ ಬಡ್ಡಿ ದರದ ಮೇಲೆ ಅದರ ಪ್ರಭಾವ ಇಲ್ಲ. ಹಣ ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ತಡೆ ಇಲ್ಲ. ಒಂದು ವಿದೇಶಿ ಕರೆನ್ಸಿ ಕೊಳ್ಳಲು ದೇಶದ 100 ಘಟಕ ಬೇಕು. ಈ ಸಂಖ್ಯೆ ಇಳಿದರೆ ದೇಶದ ಕರೆನ್ಸಿ ಬಲವಾಯಿತು ಎಂದರ್ಥ. ಇದನ್ನು ಉಲ್ಟಾ ಓದಿ ಗೊಂದಲ ಮಾಡಿಕೊಳ್ಳುವವರು ಬಹಳ, ಹಾಗಾಗಿ ಮೊದಲೇ ಹೇಳಿಬಿಟ್ಟೆ. ದೇಶದೊಳಗಿನ ಬೆಲೆಗಳ ಮಟ್ಟವೂ 100 ಅಂತಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲಿ ಎಂದು ಒಂದು ಅಂಶವನ್ನು ಶೇ. 1 ಎಂದೇ ಎಣಿಸುತ್ತೇನೆ.

ಒಂದು ಬೆಳಗ್ಗೆ ಕೇಂದ್ರ ಬ್ಯಾಂಕ್ ಹಣದ ಪೂರೈಕೆಯನ್ನು ಶೇ. 10ರಷ್ಟು ಇಳಿಸುತ್ತದೆ. ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಆದರೆ ಇದು ಶಾಶ್ವತ ಎಂದು ಎಲ್ಲರೂ ನಂಬುತ್ತಾರೆ. ಕೊನೆಗೆ ಏನಾಗುತ್ತದೆ ಅನ್ನುವುದರಲ್ಲಿ ತಕರಾರಿಲ್ಲ. ಹಣ ಶೇ. 10 ಕಡಿಮೆಯಾದರೆ, ಸಾಕಷ್ಟು ಕಾಲ ಕಳೆದ ಮೇಲೆ ಬೆಲೆಗಳೂ ಶೇ. 10 ಇಳಿದು 90ಕ್ಕೆ ಬರುತ್ತವೆ. ವಿನಿಮಯ ದರವೂ 90ಕ್ಕೆ ಬರುತ್ತದೆ. ಬಡ್ಡಿ ಮೊದಲಿದ್ದಲ್ಲಿಗೇ ಹಿಂದಿರುಗುತ್ತದೆ.

ಆದರೆ ಇವತ್ತು? ಬೆಲೆಗಳು ಇನ್ನೂ 100ರಲ್ಲೇ ಇವೆ. ಅದೇ ಬೆಲೆ, ಅದೇ ವ್ಯವಹಾರ, ಆದರೆ ಹಣ ಮಾತ್ರ ಶೇ. 10 ಕಡಿಮೆ. ಕೈಯಲ್ಲಿ ಹಣ ಸಾಲದವರು ಬಾಂಡ್ ಮಾರಲು ಹೊರಡುತ್ತಾರೆ. ಬಾಂಡ್ ಬೆಲೆ ಬೀಳುತ್ತದೆ. ಬಾಂಡ್ ಮುಂದೆ ಕೊಡುವ ಹಣ ಮೊದಲೇ ನಿಗದಿಯಾಗಿರುತ್ತದೆ, ಹಾಗಾಗಿ ಅದರ ಬೆಲೆ ಬಿದ್ದರೆ ಬಡ್ಡಿ ಏರಿತು ಎಂದರ್ಥ. ಸುಮ್ನೆ ಹಣ ಇಟ್ಟುಕೊಳ್ಳುವುದು ದುಬಾರಿಯಾಗಿ, ಇರುವಷ್ಟರಲ್ಲೇ ಸಾಗಿಸೋಣ ಎಂದು ಜನ ಒಪ್ಪುವ ತನಕ ಅದು ಏರುತ್ತದೆ. ಬಡ್ಡಿ ಒಂದು ಅಂಶ ಏರಿದರೆ ಜನ ಇಟ್ಟುಕೊಳ್ಳುವ ಹಣ ಶೇ. 5 ಕಡಿಮೆಯಾಗುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ ಶೇ. 10ರ ಕೊರತೆ ತುಂಬಲು ಬಡ್ಡಿ ಎರಡು ಅಂಶ ಏರಬೇಕು. ಹೊರಗಿನ ಬಡ್ಡಿ ಇದ್ದಲ್ಲೇ ಇದೆ.

ವಿನಿಮಯ ದರ 100ರಿಂದ ನೇರವಾಗಿ 90ಕ್ಕೆ ಹೋಗಿ ಅಲ್ಲೇ ನಿಂತಿತು ಅನ್ನೋಣ. ಆಗ ಈ ದೇಶದ ಬಾಂಡ್ ಕೊಂಡವನಿಗೆ ವರ್ಷಕ್ಕೆ ಎರಡು ಅಂಶ ಹೆಚ್ಚು ಬಡ್ಡಿ. ಕರೆನ್ಸಿಯಲ್ಲಿ ನಷ್ಟವೇನೂ ಇಲ್ಲ. ಬಿಟ್ಟಿ ಲಾಭ. ಹೀಗಿದ್ದರೆ ಜಗತ್ತಿನ ಹಣವೆಲ್ಲ ಇಲ್ಲಿಗೇ ನುಗ್ಗುತ್ತದೆ, ಕರೆನ್ಸಿ ಇನ್ನೂ ಬಲವಾಗುತ್ತದೆ. 89, 88, 87... ಎಲ್ಲಿಯ ತನಕ? ಮುಂದೆ ಇದು ಬೀಳುವುದು ಖಂಡಿತ, ಆ ನಷ್ಟ ಈ ಎರಡು ಅಂಶದ ಬಡ್ಡಿಯನ್ನು ನುಂಗಿಹಾಕುತ್ತದೆ ಎಂದು ಹೂಡಿಕೆದಾರರಿಗೆ ಅನಿಸುವ ತನಕ. ಇಲ್ಲಿ ಬೆಲೆಗಳ ವೇಗ ಲೆಕ್ಕಕ್ಕೆ ಬರುತ್ತದೆ. ಬೆಲೆಗಳೂ ದರವೂ ತಮ್ಮ ಕೊನೆಯ ಮಟ್ಟದಿಂದ ಎಷ್ಟು ದೂರ ಇವೆಯೋ, ಆ ಅಂತರವನ್ನು ವರ್ಷಕ್ಕೆ 0.4ರ ವೇಗದಲ್ಲಿ ಮುಚ್ಚುತ್ತಾ ಹೋಗುತ್ತವೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಅಂಶದ ವೇಗದಲ್ಲಿ ಕುಸಿಯಬೇಕಾದರೆ ಅಂತರ ಐದು ಇರಬೇಕು. ಐದರ 0.4 ಎಂದರೆ ಎರಡು. ಹಾಗಾಗಿ ದರ 90ನ್ನು ದಾಟಿ 85ಕ್ಕೆ ಹೋಗಿ ನಿಲ್ಲುತ್ತದೆ. ಹಣ ಇಳಿದದ್ದು ಶೇ. 10, ಕರೆನ್ಸಿ ಬಲವಾದದ್ದು ಶೇ. 15.

ಆಮೇಲಿನ ದಾರಿ ಹೀಗಿದೆ. ಅಂತರ ಕಿರಿದಾದಂತೆ ಕುಸಿತವೂ ನಿಧಾನವಾಗುತ್ತದೆ, ಹಾಗಾಗಿ ಒಂದು ವರ್ಷದ ಹೊತ್ತಿಗೆ ದರ 87 ಅಲ್ಲ, ಸುಮಾರು 86.65. ಅಂದರೆ ಕರೆನ್ಸಿ 1.65 ಅಂಶ ಕಳೆದುಕೊಂಡಿತು. ಬೆಲೆಗಳು 96.7ಕ್ಕೆ ಇಳಿದಿವೆ. ಹಣದ ಕೊರತೆ ಅಷ್ಟು ಕಡಿಮೆಯಾದ್ದರಿಂದ ಹೆಚ್ಚುವರಿ ಬಡ್ಡಿಯೂ ಎರಡರಿಂದ 1.34ಕ್ಕೆ ಇಳಿದಿದೆ. ಆ ವರ್ಷವಿಡೀ ಬಾಂಡ್ ಇಟ್ಟುಕೊಂಡವನಿಗೆ ಸಿಕ್ಕ ಹೆಚ್ಚುವರಿ ಬಡ್ಡಿ ಕೂಡಿಸಿ ನೋಡಿ, ಅದೂ 1.65. ಬಡ್ಡಿಯಲ್ಲಿ ಗಳಿಸಿದ್ದೆಲ್ಲ ಕರೆನ್ಸಿಯಲ್ಲಿ ಹೋಯಿತು. ಇದು ಆಕಸ್ಮಿಕ ಅಲ್ಲ. ಹೀಗೆ ಸರಿಹೋಗಲಿ ಎಂದೇ ದರ ಮೊದಲ ದಿನ 85ಕ್ಕೆ ಹಾರಿದ್ದು. ಎರಡನೇ ವರ್ಷದ ಕೊನೆಗೆ ದರ 87.75, ಬೆಲೆ 94.5. ಹೀಗೇ ಎರಡೂ 90ರ ಕಡೆಗೆ ತೆವಳುತ್ತವೆ, ಒಂದು ಕೆಳಗಿನಿಂದ, ಇನ್ನೊಂದು ಮೇಲಿನಿಂದ.

ಇದರ ಬಿಸಿ ತಟ್ಟುವುದು ರಫ್ತು ಮಾಡುವವರಿಗೆ. ಮೊದಲ ದಿನ ಅವರ ಖರ್ಚು 100ರಲ್ಲೇ ಇದೆ. ಹೊರಗಿನ ಒಂದು ಕರೆನ್ಸಿಗೆ ಕೈಗೆ ಬರುವುದು ಮಾತ್ರ 100ರ ಬದಲು 85. ನಿಜ ಲೆಕ್ಕದಲ್ಲಿ ಅವರ ಸರಕು ಹೊರಗಿನವರಿಗೆ ಶೇ. 15 ದುಬಾರಿ. ಎರಡು ವರ್ಷ ಕಳೆದರೂ ಇನ್ನೂ ಸುಮಾರು ಶೇ. 7 ದುಬಾರಿಯಾಗೇ ಇರುತ್ತದೆ. ಬೇಡಿಕೆ ಕುಸಿಯುವುದು ಇಲ್ಲಿಂದ. ಬೆಲೆಗಳನ್ನು ಕೆಳಗೆ ಎಳೆಯುವುದೂ ಅದೇ ಕುಸಿದ ಬೇಡಿಕೆ.

ಮೇಲಿನ ಲೆಕ್ಕವನ್ನೆಲ್ಲ ಒಂದು ಸಾಲಿನಲ್ಲಿ ಬರೆಯಬಹುದು:

```
ds/dm = 1 + 1/(λθ)
```

ಇಲ್ಲಿ s ವಿನಿಮಯ ದರ, m ಹಣದ ಪೂರೈಕೆ, ಎರಡೂ ಲಾಗರಿದಮ್‌ನಲ್ಲಿ. λ ಎಂದರೆ ಬಡ್ಡಿಗೆ ಹಣದ ಬೇಡಿಕೆ ಎಷ್ಟು ಸ್ಪಂದಿಸುತ್ತದೆ ಅನ್ನುವುದು, ನಮ್ಮಲ್ಲಿ 5. θ ಎಂದರೆ ಹೊಂದಾಣಿಕೆಯ ವೇಗ, ನಮ್ಮಲ್ಲಿ 0.4. ಉತ್ತರ 1.5, ಅಂದರೆ ಮೊದಲ ದಿನದ ಜಿಗಿತ ಹಣದ ಬದಲಾವಣೆಯ ಒಂದೂವರೆ ಪಟ್ಟು. ಬೆಲೆಗಳು ತಕ್ಷಣ ಬದಲಾಗುವಂತಿದ್ದರೆ θ ಬಹಳ ದೊಡ್ಡದಾಗುತ್ತದೆ, ಉತ್ತರ 1ಕ್ಕೆ ಬರುತ್ತದೆ, ಓವರ್‌ಶೂಟಿಂಗ್ ಮಾಯ. ಬೆಲೆಗಳು ಹೆಚ್ಚು ಅಂಟಿಕೊಂಡಷ್ಟೂ ಜಿಗಿತ ದೊಡ್ಡದು. ಬೆಲೆಗಳು ಮಾಡದ ಕೆಲಸದ ಭಾರವೆಲ್ಲ ಕರೆನ್ಸಿಯ ತಲೆಗೆ ಬೀಳುತ್ತದೆ.

ಒಂದು ಮುಖ್ಯ ಮಿತಿ ಇದೆ. ಈ ಲೆಕ್ಕದಲ್ಲಿ ಉತ್ಪಾದನೆ ಕದಲುವುದಿಲ್ಲ ಎಂದು ಇಟ್ಟುಕೊಂಡೆವು. ಹಣ ಬಿಗಿಯಾದ ಕೂಡಲೇ ಉತ್ಪಾದನೆಯೂ ಆದಾಯವೂ ಬಿದ್ದರೆ, ವ್ಯವಹಾರಕ್ಕೆ ಬೇಕಾದ ಹಣವೇ ಕಡಿಮೆಯಾಗುತ್ತದೆ. ಆಗ ಬಡ್ಡಿ ಅಷ್ಟೊಂದು ಏರಬೇಕಿಲ್ಲ. ಉತ್ಪಾದನೆ ಸಾಕಷ್ಟು ಬಿದ್ದರೆ ಬಡ್ಡಿ ಏರುವುದೇ ಇಲ್ಲ, ಕರೆನ್ಸಿ ಗುರಿ ದಾಟುವುದೂ ಇಲ್ಲ. ಡಾರ್ನ್‌ಬುಷ್ ಇದನ್ನು ಅದೇ 1976ರ ಲೇಖನದಲ್ಲಿ ಹೇಳಿದ್ದರು. ಓವರ್‌ಶೂಟಿಂಗ್ ಆಗಲೇಬೇಕು ಎಂದು ಕಲಿಸುವವರು ಈ ಭಾಗ ಬಿಟ್ಟುಬಿಡುವುದು ನನಗೆ ಬೇಸರದ ಸಂಗತಿ.

ನಿಜ ಜಗತ್ತಿನಲ್ಲಿ ಎಲ್ಲರೂ ಬೆರಳು ತೋರಿಸುವುದು ಬ್ರಿಟನ್ ಕಡೆಗೆ. 1979ರ ಮೇನಲ್ಲಿ ಥ್ಯಾಚರ್ ಸರ್ಕಾರ ಬಂತು. ಅದೇ ನವೆಂಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ದರ ಶೇ. 17ಕ್ಕೆ ಏರಿತು. 1980ರ ಕೊನೆಯ ತಿಂಗಳುಗಳಲ್ಲಿ ಪೌಂಡ್ 2.40 ಡಾಲರ್ ಆಸುಪಾಸಿಗೆ ಹೋಯಿತು. ಅದೇ ವರ್ಷದ ಮೇನಲ್ಲಿ ಬೆಲೆಯೇರಿಕೆ ಶೇ. 20ಕ್ಕಿಂತ ಮೇಲಿತ್ತು. ಒಳಗೆ ಬೆಲೆ ಏರುತ್ತಿದೆ, ಹೊರಗೆ ಕರೆನ್ಸಿಯೂ ಏರುತ್ತಿದೆ. ಕಾರ್ಖಾನೆಗಳಿಗೆ ಎರಡೂ ಕಡೆಯಿಂದ ಏಟು. 1981ರಲ್ಲಿ ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ ಪೌಂಡ್ 1.80 ಆಸುಪಾಸಿಗೆ ಇಳಿದಿತ್ತು. ಚಿತ್ರವೇನೋ ಓವರ್‌ಶೂಟಿಂಗ್‌ನದ್ದೇ. ಆದರೆ ಬ್ರಿಟನ್‌ಗೆ ಉತ್ತರ ಸಮುದ್ರದ ತೈಲ ಆಗಲೇ ಹರಿಯುತ್ತಿತ್ತು, ತೈಲ ಬೆಲೆಯೂ ಏರಿತ್ತು, ಇವೂ ಪೌಂಡನ್ನು ಮೇಲೆತ್ತುವಂಥವೇ. ಇಳಿಯುವಾಗ ಅಮೆರಿಕದ ಬಡ್ಡಿಯೂ ಬಹಳ ಮೇಲಿತ್ತು. ಎಷ್ಟು ಪಾಲು ಹಣಕಾಸು ನೀತಿಯದ್ದು, ಎಷ್ಟು ಪಾಲು ತೈಲದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಬೇರ್ಪಡಿಸಲು ಒಂದು ಸುಳಿವು ಉಂಟು. ಸುದ್ದಿ ಬಂದ ದಿನ ಇವತ್ತಿನ ದರವನ್ನೂ, ದೂರದ ಅವಧಿಯ ಫಾರ್ವರ್ಡ್ ದರವನ್ನೂ, ಅಂದರೆ ಮುಂದೊಂದು ದಿನದ ವಿನಿಮಯಕ್ಕೆ ಇವತ್ತೇ ಗೊತ್ತುಮಾಡಿಕೊಳ್ಳುವ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಲೆಕ್ಕದಲ್ಲಿ ಇವತ್ತಿನ ದರ 15 ಅಂಶ ಹಾರಿದರೆ ಹತ್ತು ವರ್ಷದ ಫಾರ್ವರ್ಡ್ ದರ 10 ಅಂಶದಷ್ಟೇ ಕದಲುತ್ತದೆ. ಹೊಸ ತೈಲ ಸಿಕ್ಕಿ ದೇಶ ಶಾಶ್ವತವಾಗಿ ಶ್ರೀಮಂತವಾಯಿತು, ಬಡ್ಡಿ ಬದಲಾಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ಎರಡೂ ಒಂದೇ ಅಳತೆಯಲ್ಲಿ ಕದಲುತ್ತವೆ.

ಮಾದರಿಗೆ ದೊಡ್ಡ ಸವಾಲು ಬಂದದ್ದು 1995ರಲ್ಲಿ. ಮಾರ್ಟಿನ್ ಐಖೆನ್‌ಬಾಮ್ ಮತ್ತು ಚಾರ್ಲ್ಸ್ ಇವಾನ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಅಂಕಿಅಂಶ ನೋಡಿದರು. ಹಣ ಬಿಗಿಯಾದ ಮೇಲೆ ಡಾಲರ್ ಮೊದಲ ದಿನವೇ ತುದಿಗೆ ಹಾರುತ್ತಿರಲಿಲ್ಲ. ಎರಡು ಮೂರು ವರ್ಷ ಮೆಲ್ಲಗೆ ಬಲವಾಗುತ್ತಲೇ ಹೋಗಿ, ಆಮೇಲೆ ಇಳಿಯುತ್ತಿತ್ತು. ಅಷ್ಟೂ ಕಾಲ ಡಾಲರ್ ಬಾಂಡ್ ಇಟ್ಟುಕೊಂಡವನಿಗೆ ಹೆಚ್ಚು ಬಡ್ಡಿಯೂ ಸಿಕ್ಕಿತು, ಕರೆನ್ಸಿಯ ಏರಿಕೆಯೂ ಸಿಕ್ಕಿತು. ನಮ್ಮ ಲೆಕ್ಕದ ಪ್ರಕಾರ ಇಂಥ ಲಾಭ ಇರಲೇಬಾರದು. ಇದಕ್ಕೆ ತಡವಾದ ಓವರ್‌ಶೂಟಿಂಗ್ ಎಂದು ಹೆಸರು ಬಿತ್ತು. ಹೊಸ ನೀತಿ ನಿಜಕ್ಕೂ ಉಳಿಯುತ್ತದೆ ಎಂದು ಜನ ನಂಬುವುದಕ್ಕೇ ಸಮಯ ಹಿಡಿಯುತ್ತದೆ ಅನ್ನುವುದು ಒಂದು ವಿವರಣೆ. 2017ರಲ್ಲಿ ಕಿಮ್, ಮೂನ್, ವೆಲಾಸ್ಕೊ ಎಂಬ ಮೂವರು ಇದೇ ಪ್ರಶ್ನೆಯನ್ನು ಕಾಲಘಟ್ಟ ಬಿಡಿಸಿ ಕೇಳಿದರು. ತಡ ಕಾಣಿಸಿದ್ದು ಮುಖ್ಯವಾಗಿ 1980ರ ದಶಕದಲ್ಲಿ, ಪಾಲ್ ವೋಲ್ಕರ್ ಅಮೆರಿಕದ ಕೇಂದ್ರ ಬ್ಯಾಂಕ್ ಮುಖ್ಯಸ್ಥರಾಗಿದ್ದ ವರ್ಷಗಳಲ್ಲಿ. ಆ ವರ್ಷಗಳನ್ನು ಬಿಟ್ಟು ನೋಡಿದಾಗ ಜಿಗಿತ ಬಹುಮಟ್ಟಿಗೆ ಡಾರ್ನ್‌ಬುಷ್ ಹೇಳಿದ ಹಾಗೆ ಬೇಗನೇ ಬಂದಿತ್ತು.